ಕೇಳಿದ ರೇಟು, ಸಿಕ್ಕ ರೇಟು

ನಮ್ಮ ನೀಲಕಂಠ ಎಂಥಾಂವರಿ ಅಂತ ಯಾರರೆ ಕೇಳಿದ್ರ ನಾ ಮೊದಲ ಕೇಳಿದವರ ಮಾರಿ ನೋಡ್ತೇನಿ. ಯಾಕ ಕೇಳ್ಲಿಕ್ಕೆ ಹತ್ಯಾರ, ಯಾರು ಕಳಿಸ್ಯಾರ ಅಂತ. ಬೈಲಹೊಂಗಲದ ಪೋಸ್ಟ್ ಆಫೀಸಿನ್ಯಾಗ ಉಳಿತಾಯದ ಕೌಂಟರಿಗೆ ಕೂತು ತಲಿ ಹಣ್ಣು ಮಾಡಿಕೊಂಡಾಕಿ ನಾನು, ರಾಧಾಬಾಯಿ. ಸಹಿ ಸರಿ ಅದನೋ ಇಲ್ಲೋ ಅಂತ ಸ್ವಂತ ಸೋದರಮಾವನ ಕಾಗದಾನೂ ತಿರುವಿ ತಿರುವಿ ನೋಡೀನಿ. ಅವರು ಸಿಟ್ಟಾಗಿ ಎರಡು ದೀಪಾವಳಿ ನಮ್ಮನಿಗೆ ಬರಲಿಲ್ಲ. ಬರದಿದ್ರ ಬಿಡ್ರಿ, ಫರಾಳ ಉಳೀತು.

ನೀಲಕಂಠ ನನ್ನ ತಮ್ಮ. ಎಪ್ಪತ್ತನಾಲ್ಕರಾಗ ದೊಡವಾಡದಾಗ ಹುಟ್ಟಿದಂವ. ಲಗ್ನಾ ಮಾಡಿಕೊಳ್ಳಲಿಲ್ಲ, ನನ್ನ ಜೋಡಿನ ಇರ್ತಾನ. ಮೊದಲ ರೇಡಿಯೋ ರಿಪೇರಿ, ಆಮ್ಯಾಲ ಟೀವಿ, ಆಮ್ಯಾಲ ಮೊಬೈಲು, ಕಂಪ್ಯೂಟರು. ಯಾವ ಡಬ್ಬಿ ಬಂದ್ರೂ ಬಿಚ್ಚಿ ಹೊಟ್ಟಿ ನೋಡಬೇಕು ಅವಗ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದ ಸಣ್ಣ ಅಂಗಡಿ. ಝೆರಾಕ್ಸ್, ಅರ್ಜಿ ತುಂಬೂದು, ಪಿಂಚಣಿದ ಹೆಬ್ಬೆರಳು ಒತ್ತಿಸೂದು. ರಾಚವ್ವನಂಥ ಓದಲಿಕ್ಕೆ ಬರದ ಹೆಣ್ಣಮಕ್ಕಳು ಮೊಬೈಲ್ ಅವನ ಕೈಯಾಗ ಕೊಟ್ಟು, “ನೀವ ನೋಡ್ರಿ ಭಟ್ಟರ, ನಮಗೇನು ತಿಳೀತದ” ಅಂತ ಬಾಜೂಕ ಬಾಳಿಹಣ್ಣು ತಿಂತಾ ಕೂಡೋರು. ಅವರ ಬ್ಯಾಂಕಿನ ಗುಪ್ತ ನಂಬರು ಸುದ್ಧಾ ಇವಗ ಬಾಯಿಪಾಠ. ತಿಳೀತಲ್ರಿ? ಅವನ ಅನ್ನ ಇರೂದ ಮಂದಿ ನಂಬಿಕಿ ಮ್ಯಾಲ. ಒಂದು ಸಲ ಹೆಸರು ಕೆಟ್ರ, ಅಂಗಡಿ ಶಟರ್ ಇಳಿಸಿಕೊಂಡು ಮನ್ಯಾಗ ಕೂಡೂದ.

ಇಂಥಾವಗ ಕೊರೊನಾ ಕಾಲದಾಗ ಶೇರಿನ ಹುಚ್ಚು ಹಿಡೀತು.

ನಾ ಬ್ಯಾಡ ಅಂದೆ. ಕೇಳ್ತಾನೇನು? “ಅಕ್ಕಾ, ನಾ ಜೂಜಾಡೂದಿಲ್ಲ. ಒಂದು ರೂಲು ಬರದು ಕಂಪ್ಯೂಟರಿಗೆ ಕೊಡ್ತೇನಿ. ಅದು ತಾನ ನೋಡ್ತದ, ತಾನ ತಗೋತದ, ತಾನ ಮಾರ್ತದ. ನನ್ನ ಆಸಿ, ನನ್ನ ಅಂಜಿಕಿ ಎರಡೂ ಅದಕ್ಕ ಅಂಟೂದಿಲ್ಲ,” ಅಂದ. ಯೂಟ್ಯೂಬ್ ನೋಡಿ ನೋಡಿ, ರಾತ್ರಿ ಊಟ ತಣ್ಣಗ ಮಾಡಿಕೊಂಡು, ಆ ಬರೂಣಗಿ ಕಲ್ತ. ನಾವು ಅದಕ್ಕ ಮಶೀನು ಅಂತಿದ್ವಿ. ಮಶೀನು ಅಂದ್ರ ಕಬ್ಬಿಣದ್ದಲ್ಲ, ಕಂಪ್ಯೂಟರಿನ್ಯಾಗ ಬರದಿಟ್ಟ ನಾಲ್ಕು ಪುಟದ ಹುಕುಮು. ಶೇರಿನ ರೇಟು ಇಂಥಾ ಗೆರಿ ದಾಟಿದ್ರ ತಗೋ, ಇಂಥಾ ಗೆರಿಗಿಂತ ಕೆಳಗ ಬಿದ್ರ ಮಾರು. ಅಷ್ಟ.

ಇದರಾಗ ಪಾಲು ಅಲ್ಲ, ಜೋಡಿ ಆದಂವ ಮೆಹಬೂಬಸಾಬ. ಕಿತ್ತೂರಿನಂವ. ಸಾಲ್ಯಾಗ ನೀಲಕಂಠನ ಬಾಜೂಕ ಕೂಡತಿದ್ದ. ಈಗ ಎರಡು ಟೆಂಪೋ ಇಟ್ಟಾನ, ಒಂದು ತಾನ ಹೊಡೀತಾನ. ಸವದತ್ತಿ, ರಾಮದುರ್ಗ, ಮನೋಳಿ ಎಲ್ಲಾ ಕಡೆ ಮಾಲು ಹಾಕಿ ಬರ್ತಾನ. ದಾರ್‍ಯಾಗ ನಮ್ಮ ಅಂಗಡಿ ಮುಂದ ಟೆಂಪೋ ನಿಲ್ಲಿಸಿ “ಲೇ ನೀಲ್ಯಾ, ಚಾ ಹೇಳಲೇ” ಅಂತ ಒದರೂದು ಅವನ ಪದ್ಧತಿ. ಅವನ ಶೇರಿನ ಖಾತೆ ಅವನ ಹೆಸರಿನ್ಯಾಗನ ಇತ್ತು, ರೊಕ್ಕಾನೂ ಅವನ ಬ್ಯಾಂಕಿನ್ಯಾಗ. ನೀಲಕಂಠನ ಮಶೀನು ಎರಡೂ ಖಾತೆಗೆ ಒಂದ ಹುಕುಮು ಕಳಿಸ್ತಿತ್ತು. ಇವಗ ಎರಡು ಸಾವಿರ ಶೇರು, ಅವಗೂ ಎರಡು ಸಾವಿರ. ಅದ ಕಂಪನಿ, ಅದ ದಿನ, ಅದ ನಿಮಿಷ.

ಅವರು ಹಿಡಿದ ಕಂಪನಿ ದೊಡ್ಡದಲ್ಲ. ಗುಜರಾತದ ಕಡೆ ಪೈಪು ಮಾಡೋ ಒಂದು ಸಣ್ಣ ಕಂಪನಿ. ತಗೊಳ್ಳೋರೂ ಕಡಿಮಿ, ಮಾರೋರೂ ಕಡಿಮಿ. ಅಲ್ಲೇ ಇತ್ತು ನೋಡ್ರಿ ಎಲ್ಲಾ ರಗಳೆ.

ಆರು ತಿಂಗಳು ಛಲೋನ ನಡೀತು. ಲಾಭ ಆಯಿತು, ಲುಕ್ಸಾನೂ ಆಯಿತು, ಕೂಡಿ ಕಳದ್ರ ಲಾಭದ ಕಡೇನ ಇತ್ತು. ಒಂದು ದಿನ ಮೆಹಬೂಬ ಹೆಂಡ್ತಿ ತಮ್ಮನ್ನ ಕರಕೊಂಡು ಬಂದ. ರಹಿಮಾನಸಾಬ ಅಂತ ಹೆಸರು, ಕಿತ್ತೂರಾಗ ಗೊಬ್ಬರದ ಅಂಗಡಿ. ಇಸ್ತ್ರಿ ಅಂಗಿ, ಕಿಸೆದಾಗ ಎರಡು ಪೆನ್ನು. ನನಗ ಆ ಮನಶಾನ್ನ ನೋಡಿದ ಕೂಡ್ಲೆ ಮೈ ಉರೀತು. ಯಾಕ ಅಂದ್ರ ಅಂವ ನನ್ನಂಗನ ಇದ್ದ. ಬಂದವನ ಗ್ವಾಡಿ, ಛತ್ತು, ಕಂಪ್ಯೂಟರು, ನನ್ನ ಕೈಬಳಿ ಎಲ್ಲಾ ನೋಡಿದ.

“ನೀಲಕಂಠರ,” ಅಂದ, “ನಮ್ಮ ಮಾಮಾನ ಮೊಬೈಲ್ ಮತ್ತ ನಿಮ್ಮ ಮೊಬೈಲ್ ಒಂದಕ್ಕೊಂದು ಹೊಂದಿಸಿ ನೋಡೂಣೇನ್ರಿ?”

“ನೋಡ್ರಿ,” ಅಂದು ನಮ್ಮಂವ ಮೊಬೈಲ್ ಮುಂದ ಇಟ್ಟ. ಮುಚ್ಚಿಡಲಿಕ್ಕೆ ಏನಿತ್ತು?

ನೋಡಿದ್ರು. ಪ್ರತಿ ಸಲ ತಗೊಳ್ಳೂ ಮುಂದ ಮೆಹಬೂಬಗ ತುಟ್ಟಿ ಬಿದ್ದದ. ಪ್ರತಿ ಸಲ ಮಾರೂ ಮುಂದ ಮೆಹಬೂಬಗ ಅಗ್ಗ ಬಂದದ. ಒಂದು ಸಲಾನೂ ಉಲ್ಟಾ ಇಲ್ಲ. ಶೇರಿಗೆ ರೂಪಾಯಿ, ಒಂದೂವರಿ ರೂಪಾಯಿ ಫರಕು. ಎರಡು ಸಾವಿರಕ್ಕ ಗುಣಿಸ್ರಿ, ಆರು ತಿಂಗಳಿಗೆ ಗುಣಿಸ್ರಿ.

“ಒಂದ ಮಶೀನು, ಒಂದ ನಿಮಿಷ, ಒಂದ ಕಂಪನಿ,” ಅಂದ ರಹಿಮಾನ. “ದಿನಾ ನಮ್ಮ ಮಾಮಾನ ತಟ್ಟಿಗೆ ಮುರಕ ರೊಟ್ಟಿ ಬೀಳೂದು ಹೆಂಗ್ರಿ?”

ಮೆಹಬೂಬ ಚಾ ಕಪ್ಪು ಹಂಗ ಇಟ್ಟ. ಅದು ಆರಿ ಕೆನಿ ಕಟ್ಟಿತು. ನಾನೂ ನೀಲಕಂಠನ ಮಾರಿ ನೋಡಿದೆ. ಯಾಕ ಸುಳ್ಳು ಹೇಳಲಿ, ನನಗೂ ಸಂಶೇ ಬಂತು. ತಮ್ಮನಾದ್ರ ಏನಾತು? ರೊಕ್ಕದ ಮುಂದ ದೊಡ್ಡ ದೊಡ್ಡ ಮಂದಿ ಜಾರಿದ್ದು ಕೌಂಟರಿನ್ಯಾಗ ಕೂತು ನೋಡೀನಿ ನಾನು.

ಅವರು ಹೋದ ಮ್ಯಾಲ ಬಾಗಿಲಾ ಮುಂದ ಮಾಡಿ ಕೇಳಿದೆ. “ಖರೇ ಹೇಳು, ಏನರೆ ಮಾಡೀಯೇನು?”

ಅವಗ ನನ್ನ ಮ್ಯಾಲ ಸಿಟ್ಟು ಬರಲಿಲ್ಲ, ಅದರಿಂದನ ನನಗ ಇನ್ನೂ ಸಂಕಟ ಆತು. “ನನಗೂ ಗೊತ್ತಾಗವಲ್ದು ಅಕ್ಕಾ. ನಾಳೆ ನೋಡ್ತೇನಿ,” ಅಂದ.

ಮರುದಿನ ಮುಂಜಾನೆ ಮಾರ್ಕೆಟ್ ತಗೀತು. ನಾನೂ ಸ್ಟೂಲ್ ಹಾಕಿಕೊಂಡು ಕೂತೆ. ನನಗ ತಿಳಿಯೂ ಹಂಗ ತಾಳ್ಮಿಯಿಂದ ತೋರಿಸಿದ. ಕಂಪ್ಯೂಟರಿನ ಮ್ಯಾಲ ಒಂದು ಕಡೆ ತಗೊಳ್ಳೋರ ಸಾಲು, ಒಂದು ಕಡೆ ಮಾರೋರ ಸಾಲು. ದೊಡ್ಡ ಅಕ್ಷರದಾಗ ರೇಟು ನೂರಾ ನಲವತ್ತು ಅಂತ ಇತ್ತು. ನಾ ಅಂದುಕೊಂಡಿದ್ದೆ, ನೂರಾ ನಲವತ್ತಕ್ಕ ಎಷ್ಟು ಬೇಕಾದ್ರೂ ಸಿಗ್ತಾವ ಅಂತ. ಹಂಗಲ್ಲಂತ. ಆ ರೇಟಿಗೆ ಮಾರೋರ ಹತ್ರ ಇದ್ದದ್ದು ಬರೇ ಆರುನೂರು. ಮುಂದಿನಂವ ಮೂವತ್ತು ಪೈಸೆ ಹೆಚ್ಚು ಕೇಳ್ತಿದ್ದ, ಅವನ ಹತ್ರ ಒಂಬತ್ತುನೂರು. ಅವನ ಹಿಂದಿನಂವ ಮತ್ತೂ ತುಟ್ಟಿ. ಅವನ ಹಿಂದಿನಂವ ನೂರಾ ನಲವತ್ತೊಂದು ಇಪ್ಪತ್ತು. ಆಚಿಗೆ ಇನ್ನೂ ಮ್ಯಾಲ.

“ನಾ ಮಶೀನಿಗೆ ಮಾರ್ಕೆಟ್ ಆರ್ಡರ್ ಕಳಿಸು ಅಂತ ಬರದೀನಿ,” ಅಂದ. “ಅಂದ್ರ, ಎಷ್ಟಕ್ಕರೆ ಸಿಗಲಿ, ಈಗಿಂದೀಗ ತಗೋ. ಅದು ಮೊದಲನೇದಂವನ ಮಾಲು ಮುಗಿಸ್ತದ, ಎರಡನೇದಂವಂದು ಮುಗಿಸ್ತದ, ಹಂಗ ಮ್ಯಾಲ ಹತ್ತಕೋತ ಹೋಗ್ತದ. ಪರದೆ ಮ್ಯಾಲ ಕಂಡ ರೇಟಿಗೂ ಕೈಗೆ ಸಿಕ್ಕ ರೇಟಿಗೂ ನಡುವಿನ ಫರಕಿಗೆ ಸ್ಲಿಪೇಜ್ ಅಂತಾರ.”

“ಆತು, ಅದು ಇಬ್ಬರಿಗೂ ಒಂದ ಆಗಬೇಕಲ್ಲೋ?”

ಆಗ ಅವನ ಮಾರಿ ಬಿಳಚಿಕೊಂಡಿತು. ಕೀಬೋರ್ಡ್ ಒತ್ತಿ ತನ್ನ ಹುಕುಮಿನ ಪುಟಾ ತಗದ. ಮ್ಯಾಲಿನ ಸಾಲಿನ್ಯಾಗ ತನ್ನ ಖಾತೆ, ಕೆಳಗಿನ ಸಾಲಿನ್ಯಾಗ ಮೆಹಬೂಬನ ಖಾತೆ. ಮಶೀನು ಮ್ಯಾಲಿಂದ ಕೆಳಗ ಓದಕೋತ ಹೋಗ್ತದಂತ. ಮೊದಲ ಇವನ ಎರಡು ಸಾವಿರ ಹೋಗಿ ಅಗ್ಗದ ಮಾಲೆಲ್ಲಾ ಬಳಕೊಂಡು ಬರೂದು. ಕಣ್ಣು ಮುಚ್ಚಿ ತಗಿಯೂದ್ರಾಗ ಮೆಹಬೂಬನ ಎರಡು ಸಾವಿರ ಹೋಗೂದು, ಅಷ್ಟೊತ್ತಿಗೆ ಉಳದದ್ದು ತುಟ್ಟಿ ಮಾಲು. ಮಾರೂ ಮುಂದೂ ಹಂಗ, ಛಲೋ ರೇಟು ಕೊಡೋರನ್ನ ಇವನ ಮೊದಲ ಹಿಡದುಬಿಡತಿದ್ದ.

“ಅಯ್ಯ ನಮ್ಮವ್ವ!” ಅಂದೆ. “ನಿನ್ನ ಹೆಸರು ಯಾಕ ಮ್ಯಾಲ ಬರದ್ಯೋ ಮಾರಾಯಾ?”

“ಅಪ್ಪನ ಸಲುವಾಗಿ,” ಅಂದ.

ನಮ್ಮಪ್ಪ ತ್ರ್ಯಂಬಕಭಟ್ಟರು ದೊಡವಾಡದಾಗ ಪೂಜಿ, ಪಂಚಾಂಗದ ಜೋಡಿ ಗಿಡಮೂಲಿಕಿ ಔಷಧಾನೂ ಕೊಡತಿದ್ರು. ಹೊಸಾ ಕಷಾಯ ಕುದಿಸಿದ್ರ ಮೊದಲ ತಾವು ಒಂದು ಲೋಟ ಕುಡೀಬೇಕು, ಎರಡು ತಾಸು ಕಟ್ಟಿ ಮ್ಯಾಲ ಕೂಡಬೇಕು. ಹೊಟ್ಟಿ ತೊಳಸಲಿಲ್ಲ ಅಂದ್ರ ಮಂದಿಗೆ. ಒಮ್ಮೊಮ್ಮೆ ತಾವ ಮಲಗಿಬಿಡತಿದ್ರು, ಅವ್ವ ಬೈತಿದ್ಲು. ಅದ ರೂಢಿ ನಮ್ಮಂವಗ. ಬರದದ್ರಾಗ ತಪ್ಪಿದ್ರ ಮೊದಲ ತನ್ನ ಖಾತೆಗೆ ಪೆಟ್ಟು ಬೀಳಲಿ, ಮಶೀನು ಅಲ್ಲೇ ನಿಂದರಲಿ, ಮೆಹಬೂಬನ ತನಕ ಹೋಗಬಾರದು ಅಂತ ತನ್ನ ಹೆಸರು ಮ್ಯಾಲ ಹಾಕಿದ್ದ. ಕಷಾಯಕ್ಕ ಅದು ಸರಿ. ಇಲ್ಲಿ ಮೊದಲ ಕುಡದಂವಗ ಕೆನಿ, ಎರಡನೇದಂವಗ ಗಸಿ.

ನಾ ನಂಬಿದೆ. ನಮ್ಮಪ್ಪನ್ನ ನೋಡಿದಾಕಿ ನಾನು. ಆದ್ರ ರಹಿಮಾನಸಾಬ ನೋಡಿರಲಿಲ್ಲಲ್ಲ?

ನೀಲಕಂಠ ಇಬ್ಬರನ್ನೂ ಕರೆಸಿ, ಇದ್ದದ್ದು ಇದ್ದಂಗ ಪರದೆ ಮ್ಯಾಲ ತೋರಿಸಿದ. ಮೆಹಬೂಬ ಸಾಲು ಸಾಲಾಗಿ ಮಾಲು ಕರಗೂದು ನೋಡಿ ತಲಿ ಆಡಿಸಿದ. ರಹಿಮಾನ ನಕ್ಕ. “ಸ್ಲಿಪೇಜ್! ಎಂಥಾ ಛಂದ ಹೆಸರು ಇಟ್ಟಾರ್ರಿ. ನಿಮ್ಮ ಮುಂದ ಜಾರೂದಿಲ್ಲ, ನಮ್ಮ ಮುಂದ ಜಾರತೈತಿ. ನಮಗ ಒಳ್ಳೇದಾಗಲಿ ಅಂತನ ನೀವು ಮುಂದ ನಿಂತೀರಿ, ಹೌದಲ್ರಿ?”

ಬಾಯಿಗೆ ಬಂದದ್ದು ಅಂದುಬಿಡಬೇಕು ಅನಿಸ್ತು. ಅಂದೂ ಬಿಟ್ಟೆ. “ನಿಮ್ಮ ಗೊಬ್ಬರದ ಚೀಲಾ ಎಲ್ಲಾ ಪೂರಾ ತೂಕ ಇರ್ತಾವೇನ್ರಿ?” ಅಂದೆ. ನೀಲಕಂಠ “ಅಕ್ಕಾ” ಅಂತ ಕೈ ಮುಗದ.

ಮೆಹಬೂಬ ಅಷ್ಟೊತ್ತಿಗೆ ಬಾಯಿ ಬಿಟ್ಟ. “ನೀಲಕಂಠರ, ನಾ ಗಾಡಿ ಹೊಡಿಯೋ ಮನಶಾ. ಮಾಲು ಏರಿಸೂಕಿಂತ ಮೊದಲ ಬಾಡಿಗಿ ಮಾತಾಡ್ತೇನಿ. ಹೊಂದಿದ್ರ ಹೊಂದ್ತು, ಇಲ್ಲಾ ಖಾಲಿ ಗಾಡಿ ತಗೊಂಡು ಮನಿಗೆ ಬರತೇನಿ. ಇದರಾಗ ಹಂಗ ರೇಟು ಕಟ್ಟೂದು ಇಲ್ಲೇನ್ರಿ?”

ನೀಲಕಂಠರ ಅಂದ, ರೀ ಅಂದ. ಅವನ ಬಾಯಾಗ ಹಂಗ ಕೇಳಿದ್ದು ಅದ ಮೊದಲ. ನಮ್ಮಂವ ಕುರ್ಚಿ ಮ್ಯಾಲ ಸಣ್ಣಾಗಿಬಿಟ್ಟ.

“ಅದ,” ಅಂದ. “ಅದಕ್ಕ ಲಿಮಿಟ್ ಆರ್ಡರ್ ಅಂತಾರ. ಇಷ್ಟರ ಮ್ಯಾಲ ಒಂದು ಪೈಸೆ ಕೊಡೂದಿಲ್ಲ, ಇಷ್ಟರ ಕೆಳಗ ಒಂದು ಪೈಸೆಗೆ ಮಾರೂದಿಲ್ಲ ಅಂತ ಹೇಳಿ ಕಳಿಸೂದು. ಜಾರೂದಿಲ್ಲ. ಆದ್ರ ಆ ರೇಟಿಗೆ ಯಾರೂ ಬರಲಿಲ್ಲಂದ್ರ ಆರ್ಡರ್ ಹಂಗ ನಿಂತಿರ್ತದ, ಕೆಲಸ ಆಗೂದಿಲ್ಲ.”

“ಅದ ಹಾಕ್ರಿ. ಎಲ್ಲಾದಕ್ಕೂ.”

“ತಗೊಳ್ಳೂದಕ್ಕ ಹಾಕೂಣು. ಸಿಗಲಿಲ್ಲಂದ್ರ ಲುಕ್ಸಾನೇನಿಲ್ಲ, ರೊಕ್ಕ ಕೈಯಾಗ ಇರ್ತದ. ಬಿದ್ದಾಗ ಮಾರೂದಕ್ಕ ಹಂಗ ಹಾಕೂದು ಬ್ಯಾಡ. ಬೀಳೂ ಮುಂದ ಮೊದಲ ಹೊರಗ ಬರಬೇಕು, ರೇಟಿಂದು ಆಮ್ಯಾಲ. ಬೇಕಂದ್ರ ಒಂದು ಮಾಡೂಣು. ನೂರಾ ಮೂವತ್ತೊಂದಕ್ಕ ಬಿತ್ತು ಅಂದ್ರ, ನೂರಾ ಇಪ್ಪತ್ತೆಂಟರ ತನಕ ಮಾರು ಅಂತ ಲಿಮಿಟ್ ಕೊಡೂಣು. ಮ್ಯಾಲಿನ ರೇಟಿನಂವ ಇದ್ರ ಅವಗ ಮೊದಲ ಹೋಗ್ತದ. ಇರಲಿಲ್ಲಂದ್ರ ಇಪ್ಪತ್ತೆಂಟರ ತನಕ ಇಳೀತದ, ಕೆಳಗ ಇಳಿಯೂದಿಲ್ಲ.”

ಎಷ್ಟು ಶಾಣ್ಯಾ ಮಾತು ಅದು! ನನಗೂ ತಿಳೀತು. ಆದ್ರ ರಹಿಮಾನಸಾಬನ ಕಣ್ಣು ಸಣ್ಣಾದವು.

“ಮೂವತ್ತೊಂದರ ಮಾಲು ಇಪ್ಪತ್ತೆಂಟಕ್ಕ ಮಾರಾಕ ಪರವಾನಗಿ ಕೇಳಾಕತ್ತಾರ, ಮಾಮಾ. ನಡುವಿನ ಮೂರು ರೂಪಾಯಿ ಎಲ್ಲಿ ಹೋಕ್ಕಾವು, ಕೇಳ್ರಿ.”

ಆ ಮೂರು ರೂಪಾಯಿ ಎಲ್ಲೂ ಹೋಗೂದಿಲ್ಲ, ಎದುರಿನ ಕೊಳ್ಳಾವಗ ಹೋಗ್ತಾವ, ಅಂವ ಮುಂಬೈದಾಗ ಅದಾನೋ ಮದ್ರಾಸಿನ್ಯಾಗ ಅದಾನೋ ದೇವರಿಗೇ ಗೊತ್ತು ಅಂತ ನೀಲಕಂಠ ಎಷ್ಟು ಬಡಕೊಂಡ್ರೂ ಅವರ ಕಿವಿಗೆ ಬೀಳಲಿಲ್ಲ. ಸಂಶೇ ಹೊಕ್ಕ ಕಿವ್ಯಾಗ ಖರೇ ಮಾತಿಗೆ ಜಾಗಾ ಎಲ್ಲಿರ್ತದ? ಕಡಿಗೆ ಮೆಹಬೂಬ ಅಂದ, “ಮೂವತ್ತೊಂದು ಅಂದ್ರ ಮೂವತ್ತೊಂದ. ತಗೊಳ್ಳೂದಕ್ಕೂ ಲಿಮಿಟ್ಟ, ಮಾರೂದಕ್ಕೂ ಲಿಮಿಟ್ಟ. ಇಬ್ಬರಿಗೂ ಒಂದ ಕಾಯ್ದೆ.”

ರಹಿಮಾನ ಮ್ಯಾಲಿಂದೊಂದು ಸೇರಿಸಿದ. “ಮತ್ತ ಮಶೀನ್ ಕೆಲಸ ಮಶೀನ್ ಮಾಡಲಿ. ನಡುವ ನೀವು ಕೈ ಹಾಕೂಹಂಗಿಲ್ಲ. ಕೈ ಹಾಕಿದ್ರ ನಾವು ಏನು ತಿಳಕೋಬೇಕೋ ಅದನ್ನ ತಿಳಕೋತೀವಿ.”

ನೀಲಕಂಠ ಅವರ ಮುಂದನ ಹುಕುಮು ತಿದ್ದಿದ. ಮ್ಯಾಲಿನ ಸಾಲಿನ್ಯಾಗ ಮೆಹಬೂಬನ ಖಾತೆ, ಕೆಳಗ ತನ್ನದು. ಮಾರ್ಕೆಟ್ ಅಂತ ಇದ್ದಲ್ಲೆಲ್ಲಾ ಲಿಮಿಟ್. “ಕೈ ಹಾಕೂದಿಲ್ಲ,” ಅಂತ ವಚನಾ ಕೊಟ್ಟ.

ಅಷ್ಟಕ್ಕ ಮುಗೀತೇನು? ಊರಾಗ ಸುದ್ದಿ ಹಬ್ಬಿತ್ತು. ಯಾರು ಹಬ್ಬಿಸಿದ್ರೋ, ನಾ ಹೆಸರು ಹೇಳೂದಿಲ್ಲ, ಕಿಸೆದಾಗ ಎರಡು ಪೆನ್ನು ಇದ್ದವು. “ಭಟ್ಟರು ಸಾಬನ ರೊಕ್ಕಾ ಮಶೀನಿನ್ಯಾಗ ಸೋಸಿಕೊಂಡಾರಂತ” ಅಂತ ಕಿರಾಣಿ ಅಂಗಡ್ಯಾಗ ನನ್ನ ಮುಂದನ ಒಬ್ಬಾಕಿ ಅಂದ್ಲು. ಆಕಿ ಜನ್ಮಾ ಜಾಲಾಡಿಸಿ ಬಂದೆ, ಆ ಮಾತು ಬ್ಯಾರೆ. ಆದ್ರ ಅಂಗಡಿಗೆ ಬರೋ ಮಂದಿ ಕಡಿಮಿ ಆದ್ರು. ರಾಚವ್ವ ಬಂದಾಕಿ ಮೊಬೈಲ್ ಕೈಯಾಗ ಕೊಡಲಿಲ್ಲ, ದೂರ ಹಿಡದು “ಇಲ್ಲಿಂದ ಹೇಳ್ರಿ, ನಾನ ಒತ್ತತೇನಿ” ಅಂದ್ಲು. ನೀಲಕಂಠ ದೂರಿಂದ ಹೇಳಿದ. ಆಕಿ ಹೋದ ಮ್ಯಾಲ ಬಹಳ ಹೊತ್ತು ಕನ್ನಡಕ ವರಸಿಕೋತ ಕೂತ. 

ಹೊಸಾ ಕಾಯ್ದೆ ನಡೀತು. ಮೊದಲ ಹದಿನೈದು ದಿನ ಬ್ಯಾರೆನ ತಮಾಷೆ. ಗೆರಿ ದಾಟಿತು, ಮಶೀನು ನೂರಾ ನಲವತ್ತರೊಳಗ ತಗೋ ಅಂತ ಕಳಿಸ್ತು, ರೇಟು ಟಣ್ಣನ ನಲವತ್ತೆರಡಕ್ಕ ಹಾರಿತು. ಆರ್ಡರ್ ಸಂಜಿತನಕ ನಿಂತು ಸತ್ತುಹೋತು. ಎರಡು ಸಲ ಹಂಗ ಆಗಿ ಲಾಭ ಕೈ ತಪ್ಪಿತು. ರಹಿಮಾನ ಫೋನ್ ಮಾಡಿ, “ಈಗ ನಮಗ ಕೊಡಸೂದ ಬಿಟ್ಟಾರೇನ್ರಿ?” ಅಂದ. ನೋಡ್ರಿ, ಜಾರಿದ್ರೂ ಕಳ್ಳ, ಜಾರದಿದ್ರೂ ಕಳ್ಳ! ಮೂರನೇ ಸಲ ರೇಟು ಹೊಳ್ಳಿ ಇಳದು ಬಂತು, ನೂರಾ ನಲವತ್ತಕ್ಕ ಇಬ್ಬರಿಗೂ ಸರಿಯಾಗಿ ಒಂದ ರೇಟಿಗೆ ಸಿಕ್ಕಿತು. ಒಂದು ಪೈಸೆ ಫರಕಿಲ್ಲ. ಮೆಹಬೂಬ ತನ್ನ ಮೊಬೈಲಿನ್ಯಾಗ ನೋಡಿ ಸ್ವಲ್ಪ ನಕ್ಕ. ನೀಲಕಂಠ ಆ ದಿನ ಖುಷಿಲೆ ಕೂತು ಎರಡು ರೊಟ್ಟಿ ಹೆಚ್ಚು ಉಂಡ.

ಅದರ ಮುಂದಿನ ಸೋಮವಾರ. ಮೆಹಬೂಬ ಮನೋಳಿಗೆ ಉಳ್ಳಾಗಡ್ಡಿ ತರಲಿಕ್ಕೆ ಹೊಂಟಂವ ನಮ್ಮ ಅಂಗಡಿ ಮುಂದ ನಿಂತಿದ್ದ. ಒಳಗ ಬಂದು ಸ್ಟೂಲಿನ ಮ್ಯಾಲ ಕೂತು ಪರದೆ ನೋಡ್ಲಿಕ್ಕೆ ಹತ್ತಿದ್ದ. ನಾ ಊಟದ ಡಬ್ಬಿ ತಂದಿದ್ದೆ. ಕಂಪನಿಗೆ ಏನೋ ಕೆಟ್ಟ ಸುದ್ದಿ ಬಂದಿತ್ತಂತ, ಯಾವುದೋ ದೊಡ್ಡ ಗುತ್ತಿಗಿ ಕೈ ತಪ್ಪಿತ್ತಂತ. ನಮಗೇನು ಗೊತ್ತು? ಕಂಡದ್ದು ಇಷ್ಟ: ನೂರಾ ನಲವತ್ತು ಇದ್ದದ್ದು ಮೂವತ್ತೇಳು, ಮೂವತ್ತನಾಲ್ಕು, ಮೂವತ್ತೊಂದು.

ಮಶೀನು ಎಚ್ಚರಾತು. ಮೊದಲ ಮೆಹಬೂಬನ ಎರಡು ಸಾವಿರ, ನೂರಾ ಮೂವತ್ತೊಂದಕ್ಕ ಮಾರು ಅಂತ ಹೋತು. ಆ ರೇಟಿಗೆ ತಗೊಳ್ಳೋರು ಸ್ವಲ್ಪು ಮಂದಿ ನಿಂತಿದ್ರು, ಅವರನ್ನೆಲ್ಲಾ ಅವನ ಮಾಲ ನುಂಗಿಬಿಟ್ಟಿತು. ಅವನ ಮೊಬೈಲ್ ಟಿಣ್ ಅಂತು. “ಹೋತು! ಪೂರಾ ಹೋತು!” ಅಂತ ಎದ್ದು ನಿಂತ.

ಅವನ ಹಿಂದ ನೀಲಕಂಠನ ಎರಡು ಸಾವಿರ ಹೋತು. ಮೂವತ್ತೊಂದಕ್ಕ ಈಗ ಯಾರೂ ಇಲ್ಲ. ಕೊಳ್ಳೋರ ಸಾಲು ಮೂವತ್ತಕ್ಕ ಇಳದಿತ್ತು, ಅಲ್ಲಿಂದ ಇಪ್ಪತ್ತೊಂಬತ್ತೂವರಿಗೆ. ಆರ್ಡರ್ ಮೂವತ್ತೊಂದರ ಮ್ಯಾಲ ನಿಂತೇ ನಿಂತದ, ರೇಟು ಕೆಳಗ ಕೆಳಗ ಹೊಂಟದ.

ಮೆಹಬೂಬನ ನಗು ಅಲ್ಲೇ ನಿಂತಿತು. “ನಿಂದು?” ಅಂದ.

ನೀಲಕಂಠ ಎರಡೂ ಕೈ ತೊಡಿ ಕೆಳಗ ಇಟ್ಟುಕೊಂಡು ಕೂತಿದ್ದ. “ನಿಂತದ,” ಅಂದ.

“ಲಿಮಿಟ್ ತಗದು ಮಾರ್ಕೆಟ್ ಮಾಡೋ! ಇಪ್ಪತ್ತೊಂಬತ್ತಕ್ಕ ಇನ್ನೂ ಮಂದಿ ಅದಾರ!”

“ಕೈ ಹಾಕಬ್ಯಾಡ ಅಂದೀರಿ.”

“ನಂದು ಹೋಗೇತಲ್ಲೋ! ಇದು ನಿಂದು!”

“ಇಬ್ಬರಿಗೂ ಒಂದ ಕಾಯ್ದೆ ಅಂದೀರಿ. ಮೂವತ್ತೊಂದು ಅಂದ್ರ ಮೂವತ್ತೊಂದು. ಈಗ ನಾ ಕೈ ಹಾಕಿದ್ರ, ನಾಳೆ ನಿಮ್ಮ ಭಾವಮೈದ ಏನಂತಾನ? ನೋಡ್ರಿ, ತನ್ನ ಸಲುವಾಗಿ ಕೈ ಹಾಕಲಿಕ್ಕೆ ಬರ್ತದ ಇವಗ. ಅಂದ ಮ್ಯಾಲ ಮೊದಲೂ ಹಾಕ್ಯಾನ ಅಂತಾನ. ಅಂತಾನೋ ಇಲ್ಲೋ?”

“ಹುಚ್ಚಗಿಚ್ಚ ಹಿಡದದೇನೋ ನಿನಗ?” ಅಂತ ನಾ ಒದರಿದೆ. “ಮಾರೋ! ಹೆಸರು ಸುಡುಗಾಡಿಗೆ ಹೋಗಲಿ, ಮಾರೋ ನೀಲಕಂಠಾ!” ಅವನ ಹೆಗಲು ಹಿಡದು ಅಳಗಾಡಿಸಿದೆ. ಕಲ್ಲಿನಂಗ ಕೂತಿದ್ದ. ಕಣ್ಣಾಗ ನೀರಿತ್ತು, ಕೈ ಮಾತ್ರ ಹೊರಗ ತಗೀಲಿಲ್ಲ. ಇಪ್ಪತ್ತೆಂಟಾತು. ಇಪ್ಪತ್ತೇಳಾತು.

ಮೆಹಬೂಬ ಅವನ್ನ ನೂಕಿ ಮೌಸ್ ಹಿಡದ. ಅವಗ ಎಲ್ಲಿ ಒತ್ತಬೇಕು ಅಂತ ಗೊತ್ತಿಲ್ಲ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ, “ಯಾ ಅಲ್ಲಾ, ಹೇಳೋ, ಎಲ್ಲಿ ಒತ್ತಲಿ ಹೇಳೋ” ಅಂದ. ಅಂತೂ ಅದು ಸಿಗೂದ್ರಾಗ ರೇಟು ನೂರಾ ಇಪ್ಪತ್ತಾರಕ್ಕ ಬಂದು ಗಪ್ಪನ ನಿಂತಿತು. ಒಂದು ದಿನಕ್ಕ ಇಷ್ಟರಕಿಂತ ಹೆಚ್ಚು ಇಳೀಬಾರದು ಅಂತ ಮಾರ್ಕೆಟ್ಟಿನವರದ ಒಂದು ಮಿತಿ ಇರ್ತದಂತ. ಅಲ್ಲಿ ತಲಪಿದ ಮ್ಯಾಲ ಮಾರೋರ ಸಾಲು ಮಾರುದ್ದ, ಕೊಳ್ಳೋರ ಕಡೆ ಪೂರಾ ಸೊನ್ನಿ. ಮಾರ್ಕೆಟ್ ಆರ್ಡರ್ ಕಳಿಸಿದ್ರೂ ಈಗ ತಗೊಳ್ಳಲಿಕ್ಕೆ ಯಾರೂ ಇಲ್ಲ. 

ಮರುದಿನ ಮಾರ್ಕೆಟ್ ತಗಿಯೂದಕ್ಕನ ಮತ್ತ ಆ ದಿನದ ಹೊಸಾ ತಳಮಿತಿಗೆ ಹೋಗಿ ಕೂತಿತು. ಅದರ ಮರುದಿನಾನೂ ಹಂಗ. ಕೊಳ್ಳೋರು ಬರೂದ್ರಾಗ ತೊಂಬತ್ತೆಂಟಾಗಿತ್ತು, ಆಗ ಮೆಹಬೂಬ ಫೋನಿನ್ಯಾಗ ಹೂಂ ಅಂದ ಮ್ಯಾಲನ ನೀಲಕಂಠ ಮಾರಿದ. ಮೆಹಬೂಬ ಶೇರಿಗೆ ಒಂಬತ್ತು ರೂಪಾಯಿ ಕಳಕೊಂಡ, ನಮ್ಮಂವ ನಲವತ್ತೆರಡು. ಎರಡು ಸಾವಿರಕ್ಕ ನೀವ ಗುಣಿಸ್ರಿ, ನನಗ ಬಾಯಿಲೆ ಹೇಳಲಿಕ್ಕೆ ಆಗೂದಿಲ್ಲ. ಅಂಗಡಿ ದೊಡ್ಡದು ಮಾಡಬೇಕು ಅಂತ ವರ್ಷಗಟ್ಟಲೆ ಕೂಡಿಟ್ಟ ರೊಕ್ಕದಾಗಿಂದ ಹೋದದ್ದು.

ಅಲ್ಲೀತನಕ ನಾ ಅವನ ಜೋಡಿ ಮಾತು ಬಿಟ್ಟಿದ್ದೆ. ಸಿಟ್ಟು ನನಗ. ಒಮ್ಮೊಮ್ಮೆ ಇನ್ನೂ ಕೆಟ್ಟ ಸಂಶೇ ಬರ್ತಿತ್ತು. ಮೆಹಬೂಬನ ಹೆಸರು ಮೊದಲ ಹಾಕೂ ದಿನಾನ ಇವಗ ಇದು ಗೊತ್ತಿತ್ತೇನು? ಬಿದ್ದ ದಿನ ಅಂವ ಪಾರಾಗಲಿ, ನಾ ಸಿಗಬೀಳ್ತೇನಿ, ಆವಾಗರೆ ನಂಬ್ತಾರ ಅಂತ ಕಾಯ್ಕೋತ ಕೂತಿದ್ನೇನು? ಕೇಳಿದೆ. “ಯಾವಾಗರೆ ಒಮ್ಮೆ ಹಂಗ ಆಗ್ತದ ಅಂತ ಗೊತ್ತಿತ್ತು,” ಅಂದ. ಅಷ್ಟ. ಹೊಳ್ಳಿ ಝೆರಾಕ್ಸ್ ಮಾಡ್ಲಿಕ್ಕೆ ಹತ್ತಿದ.

ಆ ಶುಕ್ರವಾರ ನಮಾಜು ಮುಗಿಸಿ ಮೆಹಬೂಬ ಬಂದ. ಒಬ್ಬನ ಬಂದ. ಮನೀಗೇ ಬಂದ, ಅಂಗಡಿಗಲ್ಲ. ಒಂದು ಪಾಕೀಟು ನೀಲಕಂಠನ ಮುಂದ ಇಟ್ಟ. “ಲುಕ್ಸಾನು ಇಬ್ಬರದೂ ಕೂಡಿಸಿ ಅರ್ಧಾ ಅರ್ಧಾ ಮಾಡೇನಿ. ನನ್ನ ಹೆಂಡ್ತಿ ಸುಗರಾಬಿನ ಎಣಿಸಿ ಕೊಟ್ಟಾಳ. ಇದನ್ನ ತಗೋ. ನಾ ಮೂವತ್ತೊಂದು ಅಂತ ಹಟಾ ಹಿಡೀಲಿಲ್ಲಂದ್ರ ನೀ ಇಪ್ಪತ್ತೆಂಟರಾಗ ಹೊರಗ ಬಂದಿರ್ತಿದ್ದಿ,” ಅಂದ.  “ಊರಾಗ ಯಾರ ಯಾರ ಮುಂದ ಏನೇನು ಹೇಳೇವೋ, ಅವರೆಲ್ಲಾರ ಮನಿಗೂ ರಹಿಮಾನನ್ನ ಕರಕೊಂಡು ಹೋಗಿ ತಪ್ಪಾತು ಅನಿಸತೇನಿ.”

ನನ್ನ ಜೀವಕ್ಕ ಸಮಾಧಾನ ಆತು. ತಗೋ ಅಂತ ನೀಲಕಂಠಗ ಕಣ್ಸನ್ನಿ ಮಾಡಿದೆ.

ನೀಲಕಂಠ ಪಾಕೀಟು ಮುಟ್ಟಲಿಲ್ಲ. ಸಿಟ್ಟಿಲೆ ಅಲ್ಲ, ನಿಧಾನಕ್ಕ, ಅರ್ಜಿ ತುಂಬೂ ಮುಂದ ರಾಚವ್ವಗ ಹೇಳ್ತಾನಲ್ಲ, ಹಂಗ ಹೇಳಿದ.

“ತಗೋಬೇಕು ಅಂತ ನನಗೂ ಅನಸ್ತದೋ ಮೆಹಬೂಬಾ. ನನಗ ಬೇಕೂ ಆಗ್ಯದ. ಆದ್ರ ಇದನ್ನ ತಗೊಂಡ್ರ ಮಂದಿ ಏನಂತಾರ, ನೀನ ಹೇಳು. ಕಡಿಗೂ ಸಾಬನ ರೊಕ್ಕ ಭಟ್ಟನ ಮನಿಗೇ ಬಂತು ಅಂತಾರ.”

ಮೆಹಬೂಬ ಬಾಯಿ ತಗದ. ಇಲ್ಲ, ಹಂಗೇನು ಅನ್ನೂದಿಲ್ಲ ಅಂತ ಅನ್ನಲಿಕ್ಕೆ ಹೊಂಟಿದ್ದ, ನಾ ಅವನ ಮಾರಿ ನೋಡ್ಲಿಕ್ಕೆ ಹತ್ತಿದ್ದೆ. ಅನ್ನಲಿಕ್ಕೆ ಆಗಲಿಲ್ಲ ಅವಗ. ಪಡಸಾಲಿ ಕಂಬಕ್ಕ ಹಣಿ ಹಚ್ಚಿ, ಐವತ್ತರ ಹತ್ರ ಬಂದ ಗಂಡಸು, ನಮ್ಮ ಮನ್ಯಾಗ ನಿಂತು ಅತ್ತ.